ಹಾಜರಿ 87, ಊಟ 57: ಕಚೇರಿಗೆ ಬರೆದ ಎರಡನೇ ಪತ್ರ

ಕಾಸರಗೋಡಿನ ನಮ್ಮ ಕನ್ನಡ ಎಲ್‌ಪಿ ಶಾಲೆಯಲ್ಲಿ ದಾಖಲಾದ ಮಕ್ಕಳು 96. ರಂಜಾನ್ ತಿಂಗಳಲ್ಲಿ ಊಟದ ಲೆಕ್ಕ ತುಂಬಾ ಇಳಿಯಿತು. ಕಚೇರಿ ಕಾರಣ ಕೇಳಿತು. ‘ಮಕ್ಕಳು ಉಪವಾಸದಲ್ಲಿದ್ದಾರೆ’ ಎಂದಷ್ಟೇ ಬರೆದೆ, ಪತ್ರ ವಾಪಸ್ ಬಂತು.

ಎರಡನೇ ಪತ್ರದಲ್ಲಿ ಒಂದು ದಿನವನ್ನು ಪೂರ್ತಿ ಬಿಡಿಸಿ ತೋರಿಸಿದೆ. ಗೈರು 9, ಹಾಜರಿ 87. ಉಪವಾಸ 26, ಮನೆಯಿಂದ ಬುತ್ತಿ ತಂದವರು 4, ಉಂಡವರು 57. ತಲಾ 100 ಗ್ರಾಂನಂತೆ ಅಕ್ಕಿ 5 ಕೆಜಿ 700 ಗ್ರಾಂ. ಬೆಳಿಗ್ಗೆ ದಾಸ್ತಾನು 142 ಕೆಜಿ 300 ಗ್ರಾಂ, ಸಂಜೆ 136 ಕೆಜಿ 600 ಗ್ರಾಂ. ಅವರಿಗೆ ಬೇಕಾದದ್ದು ಈ ಅಕ್ಕಿಯ ಲೆಕ್ಕವೇ ಅಲ್ವಾ! ಉಳಿದ ದಿನಗಳನ್ನೂ ಹೀಗೇ ಬರೆದು, ತರಗತಿ ಟೀಚರ್‌ಗಳ ಸಹಿ ಇದ್ದ ಎಣಿಕೆ ಚೀಟಿಗಳ ನಕಲು ಲಗತ್ತಿಸಿದೆ. ಪತ್ರ ಒಪ್ಪಿಗೆಯಾಯಿತು.

ಈಗ ಒಲೆಗೆ ಅಕ್ಕಿ ಹಾಕುವ ಮೊದಲೇ ಆ ಚೀಟಿ ಅಡುಗೆಯಮ್ಮನ ಕೈಗೆ ಹೋಗುತ್ತದೆ.