ಬಿಎಲ್ ಡ್ರಾಫ್ಟ್‌ನಲ್ಲಿ ನಾನು ಮೊದಲು ನೋಡುವುದು ಕನ್ಸೈನಿ ಕಾಲಂ

ಚಿಕ್ಕಬಳ್ಳಾಪುರದ ಸುತ್ತಮುತ್ತ ರೋಸ್ ಈರುಳ್ಳಿ ಕೊಂಡು ಚೆನ್ನೈ ಬಂದರಿನಿಂದ ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಕಳಿಸುತ್ತೇನೆ. ನಮ್ಮ ಮಾಲನ್ನು ಹಡಗಿಗೆ ಹಾಕಿಸುವ ಫಾರ್ವರ್ಡರ್ ಬಿಎಲ್, ಅಂದರೆ ಬಿಲ್ ಆಫ್ ಲೇಡಿಂಗ್ ಅನ್ನುವ ಸಾಗಣೆ ಕಾಗದದ ಡ್ರಾಫ್ಟ್ ಕಳಿಸಿದಾಗ ಕಂಟೇನರ್ ನಂಬರ್, ಸೀಲ್ ನಂಬರ್, ತೂಕ ಎಲ್ಲ ನೋಡಲೇಬೇಕು. ಆದರೆ ಮಾಲು ಯಾರ ಹಿಡಿತದಲ್ಲಿದೆ ಅಂತ ಹೇಳುವುದು ಕನ್ಸೈನಿ ಕಾಲಂ, ಅಂದರೆ ಮಾಲು ಯಾರಿಗೆ ಸೇರಬೇಕು ಅಂತ ಬರೆಯುವ ಜಾಗ. ಅದರ ಕೆಳಗಿನ ನೋಟಿಫೈ ಪಾರ್ಟಿಗೆ ಹಡಗು ಬಂದ ಸುದ್ದಿ ಹೋಗುತ್ತದೆ, ಅಷ್ಟೆ.

ಆ ಕಾಲಂನಲ್ಲಿ ಬರೀ ಖರೀದಿದಾರನ ಹೆಸರಿದ್ದರೆ ಅದು ಸ್ಟ್ರೈಟ್ ಬಿಎಲ್. ಮಾಲು ಅವನಿಗೇ, ಎಂಡಾರ್ಸ್ ಮಾಡಿ, ಅಂದರೆ ಕಾಗದದ ಹಿಂಬದಿಗೆ ಸಹಿ ಹಾಕಿ, ಬೇರೆಯವರಿಗೆ ದಾಟಿಸಲು ಆಗುವುದಿಲ್ಲ. ಅಮೆರಿಕದಂಥ ಕಡೆ ಒರಿಜಿನಲ್ ತೋರಿಸದೆಯೂ ಅವನು ಮಾಲು ಬಿಡಿಸಿಕೊಳ್ಳಬಹುದು. ಹಾಗಾಗಿ ಪೂರ್ತಿ ಹಣ ಮೊದಲೇ ಬಂದಿದ್ದರೆ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ.

‘ಟು ಆರ್ಡರ್’ ಅಂತ ಇದ್ದರೆ ಆರ್ಡರ್ ಬಿಎಲ್. ಹಿಂಬದಿಗೆ ನಾನು ಸಹಿ, ಸೀಲು ಹಾಕಿ ಕೊಡುವವರೆಗೆ ಮಾಲು ನನ್ನ ಮಾತಿಗೇ ಕಾಯುತ್ತದೆ. ಯಾರ ಹೆಸರೂ ಬರೆಯದೆ ಸುಮ್ನೆ ಸಹಿ ಹಾಕಿದರೆ ಅದು ಯಾರ ಕೈಲಿದೆಯೋ ಅವರದ್ದು. ಸಾಮಾನ್ಯವಾಗಿ ಮೂರು ಒರಿಜಿನಲ್ ಕೊಡುತ್ತಾರೆ, ಅದರಲ್ಲಿ ಒಂದನ್ನು ಕೊಟ್ಟು ಮಾಲು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆಯಿಲ್ಲ. ‘ಒಂದು ಒರಿಜಿನಲ್ ಮಾತ್ರ ಸಹಿ ಹಾಕಿ ನನಗೆ ಕೊರಿಯರ್ ಮಾಡಿ’ ಅಂತ ಖರೀದಿದಾರ ಕೇಳಿದರೆ ಅವನು ಕೇಳುತ್ತಿರುವುದು ಪೂರ್ತಿ ಮಾಲನ್ನೇ.

ನಮ್ಮ ಈರುಳ್ಳಿಗೆ ತೊಡಕು ಇರುವುದು ಇಲ್ಲೇ. ಹಡಗು ಬೇಗ ಮುಟ್ಟುತ್ತದೆ, ಕಾಗದ ಬ್ಯಾಂಕ್ ಮೂಲಕ ಹೋಗುವಷ್ಟರಲ್ಲಿ ಕಂಟೇನರ್ ಅಲ್ಲಿ ನಿಂತು ಡಿಮರೇಜ್, ಅಂದರೆ ತಡವಾದದ್ದಕ್ಕೆ ದಂಡ, ಬೀಳುತ್ತದೆ, ಮಾಲೂ ಮೊಳಕೆ ಬರುತ್ತದೆ. ಅದಕ್ಕೇ ಅಲ್ಲಿಯವರು ಸರೆಂಡರ್ಡ್ ಬಿಎಲ್ ಕೇಳುತ್ತಾರೆ. ಅಂದರೆ ಮೂರೂ ಒರಿಜಿನಲ್ ನಾವು ಚೆನ್ನೈಯಲ್ಲೇ ಶಿಪ್ಪಿಂಗ್ ಲೈನ್‌ಗೆ ವಾಪಸ್ ಕೊಡುತ್ತೇವೆ, ಅವರು ಆ ಕಡೆಯ ತಮ್ಮ ಆಫೀಸಿಗೆ ಟೆಲೆಕ್ಸ್ ರಿಲೀಸ್ ಮೆಸೇಜ್ ಕಳಿಸುತ್ತಾರೆ, ಖರೀದಿದಾರನಿಗೆ ‘ಸರೆಂಡರ್ಡ್’ ಸೀಲಿನ ಪ್ರತಿ ಸಾಕು.

ಒಬ್ಬ ಹೊಸ ಖರೀದಿದಾರನ ಜೊತೆ ನಾನು ಹೀಗೆ ಮಾಡಿದೆ. 30% ಅಡ್ವಾನ್ಸ್, ಉಳಿದದ್ದು ಬಿಎಲ್ ಸ್ಕ್ಯಾನ್ ನೋಡಿದ ಮೇಲೆ. ಮೊದಲ ದಿನದಿಂದಲೇ ಸರೆಂಡರ್ ಮಾಡಿಬಿಡಿ ಅಂತ ಅವರು ಹೇಳಿದರು. ನಾನು ಆರ್ಡರ್ ಬಿಎಲ್ ಮಾಡಿಸಿ, ಮೂರೂ ಒರಿಜಿನಲ್ ಚೆನ್ನೈ ಫಾರ್ವರ್ಡರ್ ಹತ್ತಿರವೇ, ಹಿಂಬದಿಗೆ ಸಹಿ ಹಾಕದೆ ಇಡಿಸಿದೆ. ಸ್ಕ್ಯಾನ್ ಕಳಿಸಿದೆ. ಹಡಗು ದಾರಿಯಲ್ಲಿದ್ದಾಗ ಅವರು ಹಣ ಕಳಿಸಿದ ಸ್ವಿಫ್ಟ್ ಕಾಪಿ ಹಾಕಿದರು. ಅದು ಹಣ ಹೊರಟಿದೆ ಅನ್ನುವುದಕ್ಕೆ ಮಾತ್ರ ಗುರುತು, ನನ್ನ ಖಾತೆಗೆ ಜಮಾ ಆಗಿದೆ ಅನ್ನುವುದಕ್ಕಲ್ಲ. ಜಮಾ ಆದದ್ದನ್ನು ಬ್ಯಾಂಕಿನಲ್ಲಿ ಖಚಿತ ಮಾಡಿಕೊಂಡ ಮೇಲೆ ನಮ್ಮ ಹುಡುಗ ಚೆನ್ನೈಗೆ ಸೀಲು ತೆಗೆದುಕೊಂಡು ಹೋಗಿ, ಲೆಟರ್‌ಹೆಡ್ ಮೇಲಿನ ಸರೆಂಡರ್ ಪತ್ರದ ಜೊತೆ ಆ ಮೂರೂ ಒರಿಜಿನಲ್ ಸಹಿ, ಸೀಲು ಹಾಕಿ ಲೈನ್‌ಗೆ ಕೊಟ್ಟು ಬಂದ.

ಫಾರ್ವರ್ಡರ್ ಕೊಡುವ ಹೌಸ್ ಬಿಎಲ್ ಇದ್ದರೆ ಇನ್ನೊಂದು ಕೇಳಬೇಕು: ಲೈನ್ ಕೊಟ್ಟ ಮಾಸ್ಟರ್ ಬಿಎಲ್ ಕೂಡ ರಿಲೀಸ್ ಆಗಿದೆಯಾ? ಅದು ಆಗದಿದ್ದರೆ ಹೌಸ್ ಬಿಎಲ್ ಮೇಲೆ ಸರೆಂಡರ್ಡ್ ಸೀಲು ಬಿದ್ದಿದ್ದರೂ ಕಂಟೇನರ್ ಅಲುಗುವುದಿಲ್ಲ.