ಅಗ್ಗದ ಬಸ್ಸೋ, ಸುಖದ ಬಸ್ಸೋ? ಮೊದಲು ಲೆಕ್ಕ ಹಾಕಿ

ಹತ್ತಿಪ್ಪತ್ತು ಬಸ್ಸು ಓಡಿಸುವ ಮಾಲೀಕರ ಲೆಕ್ಕ ನೋಡುವುದು ನನ್ನ ಕೆಲಸ. ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎದುರಾಳಿ ದರ ಇಳಿಸಿದರೆ ಇವರೂ ಇಳಿಸುತ್ತಾರೆ. ಇನ್ನೊಬ್ಬ ಎಸಿ ಬಸ್ಸು ತಂದರೆ ಇವರೂ ಎಸಿ ಹಾಕಿಸುತ್ತಾರೆ. ಕೊನೆಗೆ ಅಗ್ಗವೂ ಇಲ್ಲ, ಸುಖವೂ ಇಲ್ಲ. ಹೀಗೆ ನಡುವೆ ಸಿಕ್ಕಿಬೀಳುವ ಅಪಾಯವನ್ನು ವ್ಯಾಪಾರ ತಂತ್ರದ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1980ರಲ್ಲೇ ಹೇಳಿದ್ದರು.

ಹಂತ 1. ಒಂದು ಟ್ರಿಪ್ಪಿನ ಪೂರ್ತಿ ಖರ್ಚು ಬರೆಯಿರಿ: ಡೀಸೆಲ್, ಟೈರ್, ರಿಪೇರಿ, ಸಂಬಳ, ವಿಮೆ, ತೆರಿಗೆ, ಏಜೆಂಟರ ಕಮಿಷನ್, ಸಾಲದ ಬಡ್ಡಿ. ಸಾಲ ತೀರಿದ್ದರೂ ಬಸ್ಸಿನ ಸವಕಳಿ ಬಿಡಬೇಡಿ.

ಹಂತ 2. ಆ ಖರ್ಚನ್ನು ಒಂದು ಟಿಕೆಟ್ಟಿನ ದರದಿಂದ ಭಾಗಿಸಿ. ಅಸಲು ಹುಟ್ಟಲು ಎಷ್ಟು ಜನ ಹತ್ತಬೇಕು ಅನ್ನುವುದು ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಸಾದಾ ಬಸ್ಸಿನಲ್ಲಿ 50 ಸೀಟು, ಟ್ರಿಪ್ಪಿನ ಖರ್ಚು 100, ಟಿಕೆಟ್ 3 ಅಂದುಕೊಳ್ಳಿ. 34 ಜನ ಹತ್ತಿದರೆ ಅಸಲು ಬಂತು, ಅಂದರೆ ಶೇ 68ರಷ್ಟು ಸೀಟು. ಸುಖದ ಬಸ್ಸಿನಲ್ಲಿ 30 ಸೀಟು, ಖರ್ಚು 130, ಟಿಕೆಟ್ 7. ಅಲ್ಲಿ 19 ಜನ ಸಾಕು, ಶೇ 63. ಎರಡೂ ನಡೆಯುವ ವ್ಯಾಪಾರವೇ.

ಈಗ ಸಾದಾ ಬಸ್ಸಿನ ಮಾಲೀಕ ಎಸಿ ಹಾಕಿಸಿ, ಸೀಟನ್ನು 40ಕ್ಕೆ ಇಳಿಸಿದ. ಖರ್ಚು 125 ಆಯಿತು. ಆದರೆ ಬಸ್ಸು ಮೊದಲಿನ ಹಾಗೇ ತಡವಾಗಿ ಬರುತ್ತದೆ, ಹಾಗಾಗಿ ಜನ 3.5ಕ್ಕಿಂತ ಜಾಸ್ತಿ ಕೊಡಲು ಒಪ್ಪುವುದಿಲ್ಲ. ಈಗ ಅಸಲಿಗೇ 36 ಜನ ಬೇಕು. 40ರಲ್ಲಿ 36 ಅಂದರೆ ಶೇ 90! ಹಬ್ಬದ ದಿನ ತುಂಬೀತು. ಮಂಗಳವಾರ ಮಧ್ಯಾಹ್ನ?

(ಹಳೇ ಬಸ್ಸಿಗೆ ಎಸಿ ಕೂರಿಸುವ ಶಾರ್ಟ್‌ಕಟ್ ನನಗೆ ಚೂರೂ ಇಷ್ಟವಿಲ್ಲ. ಕಂಪ್ರೆಸರ್ ಎಂಜಿನ್‌ನ ಬಲ ತಿನ್ನುತ್ತದೆ, ಏರು ಹತ್ತುವಾಗ ಬಸ್ಸು ಏದುಸಿರು ಬಿಡುತ್ತದೆ. ಕೆಟ್ಟ ಎಸಿಗಿಂತ ತೆರೆದ ಕಿಟಕಿ ವಾಸಿ.)

ಹಂತ 3. ಎಡವುವುದು ಇಲ್ಲೇ. ಸೀಟು, ಪರದೆ, ಬಣ್ಣ ನೋಡಿ ದಾರಿ ಆರಿಸಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನ ಬಸ್ಸು ಸುಮ್ನೆ ನಿಂತಿರಬಹುದೇ?

ಅಗ್ಗದ ದಾರಿಯಲ್ಲಿ ನಿಲ್ಲಬಾರದು. ವಿಮೆ, ತೆರಿಗೆ, ಬಡ್ಡಿ ಬಸ್ಸು ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ದಿನಕ್ಕೆ 300 ಕಿ.ಮೀ. ಓಡುವ ಬಸ್ಸನ್ನು 450 ಕಿ.ಮೀ. ಓಡಿಸಿದರೆ ಆ ಖರ್ಚು ಕಿ.ಮೀ.ಗೆ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಅದಕ್ಕಾಗಿ ಕೊನೇ ನಿಲ್ದಾಣದಲ್ಲಿ ಬೇಗ ತಿರುಗಿಸಬೇಕು. ಎಲ್ಲ ಬಸ್ಸೂ ಒಂದೇ ಮಾಡೆಲ್ ಇರಬೇಕು, ಆಗ ಬಿಡಿಭಾಗದ ಕಪಾಟು ಒಂದೇ ಸಾಕು, ಮೆಕ್ಯಾನಿಕ್‌ಗೂ ಕೈ ಕೂತಿರುತ್ತದೆ. ಸೌತ್‌ವೆಸ್ಟ್ ವಿಮಾನ ಕಂಪನಿ ಬೋಯಿಂಗ್ 737 ಒಂದನ್ನೇ ನೆಚ್ಚಿಕೊಂಡದ್ದು ಇದೇ ಲೆಕ್ಕದ ಮೇಲೆ.

ಸುಖದ ದಾರಿಯಲ್ಲಿ ಇದು ಪೂರ್ತಿ ತಿರುವುಮುರುವು. ದುಪ್ಪಟ್ಟು ದರ ಕೊಟ್ಟವರು ಕೊಳ್ಳುವುದು ಮೆತ್ತನೆ ಸೀಟನ್ನಲ್ಲ, ಹೇಳಿದ ಹೊತ್ತಿಗೆ ತಲುಪುವ ಭರವಸೆಯನ್ನು. ಅದಕ್ಕೆ ಒಂದು ಬಸ್ಸು ಡಿಪೋದಲ್ಲಿ ಖಾಲಿ ನಿಂತು ಕಾಯಬೇಕು, ದಾರಿಯಲ್ಲಿ ಒಂದು ಕೆಟ್ಟರೆ ತಕ್ಷಣ ಹೊರಡಲು. ಎರಡು ಟ್ರಿಪ್ಪಿನ ನಡುವೆ ಒಂದು ಗಂಟೆ ಬಿಡುವೂ ಬೇಕು. ಬೆಳಗಿನ ತಡ ಸಂಜೆಯ ಟ್ರಿಪ್ಪಿಗೆ ಅಂಟಬಾರದಲ್ವಾ?

ಒಬ್ಬ ಮಾಲೀಕರು ಹೊಳೆಯುವ ಹೊಸ ಬಸ್ಸುಗಳನ್ನು ತಂದು, ಕಾದಿಟ್ಟ ಬಸ್ಸನ್ನು 'ದಂಡ' ಎಂದು ರೂಟಿಗೆ ಹಾಕಿದರು. ಒಂದು ಗೇರ್‌ಬಾಕ್ಸ್ ಹೋಯಿತು. ಬದಲಿ ಬಸ್ಸಿಲ್ಲದೆ ನಾಲ್ಕು ಟ್ರಿಪ್ ರದ್ದು, ಹಣ ವಾಪಸ್. ಮುಂದಿನ ತಿಂಗಳಿಂದ ಸೀಟು ತುಂಬಿಸಲು ರಿಯಾಯಿತಿ ಶುರು. ಸುಖದ ಬಸ್ಸಿನ ಖರ್ಚು, ಅಗ್ಗದ ಬಸ್ಸಿನ ದರ.

ಹಂತ 4. ವೈಫೈ, ನೀರಿನ ಬಾಟಲಿ ಕೊನೆಗೆ ನೋಡಿ. ಯಾರು ಬೇಕಾದರೂ ವಾರದಲ್ಲಿ ನಕಲು ಮಾಡುತ್ತಾರೆ.

ಹಂತ 5. ತಿಂಗಳಿಗೊಮ್ಮೆ ಎರಡು ಸಂಖ್ಯೆ ನೋಡಿ. ರಿಯಾಯಿತಿಯಲ್ಲಿ ಹೋದ ಟಿಕೆಟ್ ಎಷ್ಟು, ಹೊತ್ತಿಗೆ ಸರಿಯಾಗಿ ತಲುಪಿದ ಟ್ರಿಪ್ ಎಷ್ಟು. ಸುಖದ ಬಸ್ಸಿನಲ್ಲಿ ಮೊದಲನೆಯದು ಏರುತ್ತಾ ಎರಡನೆಯದು ಇಳಿಯುತ್ತಿದ್ದರೆ ನಡುವಿಗೆ ಜಾರುತ್ತಿದ್ದೀರಿ. ಪೈಪೋಟಿ ಇಲ್ಲದ ರೂಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಎರಡನೇ ಬಸ್ಸು ಬಂದ ದಿನ ಗೊತ್ತಾಗುತ್ತದೆ.

ಎರಡೂ ಬೇಕೇ ಬೇಕು ಅನ್ನುವವರು ಬಸ್ಸು, ಹೆಸರು, ಸಿಬ್ಬಂದಿ, ವೇಳಾಪಟ್ಟಿ ಎಲ್ಲವನ್ನೂ ಬೇರೆ ಮಾಡಿ. ಸಾದಾ ಬಸ್ಸು ಕೆಟ್ಟಾಗ ಆ ಕಾದಿಟ್ಟ ಸುಖದ ಬಸ್ಸಿನ ಕೀಲಿ ಕೇಳಿಕೊಂಡು ಮ್ಯಾನೇಜರ್ ಬಂದೇ ಬರುತ್ತಾರೆ. ಕೊಡಬೇಡಿ.