ಬ್ರೆಜಿಲ್ ಗೆಳತಿಯ ನಿಶ್ಚಿತಾರ್ಥಕ್ಕೆ ಪೋರ್ಚುಗೀಸ್ ಹಾರೈಕೆ

ಬ್ರೆಜಿಲ್‌ನ ಗೆಳತಿಗೆ ನಿಶ್ಚಿತಾರ್ಥ ಆಯಿತಾ? ‘ಪರಬೇಂಯ್ಸ್ ಪೆಲು ನೊಯ್ವಾದು’ ಅನ್ನಿ. ನಿಶ್ಚಿತಾರ್ಥಕ್ಕೆ ಅಭಿನಂದನೆ ಅಂತ ಅರ್ಥ. ಇದು ಆಪ್ತರಿಗೂ ಸರಿ, ಮೇಲಧಿಕಾರಿಗೂ ಸರಿ. ವ್ಯತ್ಯಾಸ ಬರುವುದು ಮುಂದಿನ ಸಾಲಿನಲ್ಲಿ.

ಆಪ್ತರಿಗೆ ‘ತೋ ಮುಯ್ಂತು ಫೆಲೀಸ್ ಪೊರ್ ವೊಸೇಸ್’ ಸೇರಿಸಿ, ನಿಮ್ಮಿಬ್ಬರಿಗಾಗಿ ನನಗೆ ತುಂಬಾ ಖುಷಿ ಅಂತ. ‘ವೊಸೇಸ್’ ಬಹುವಚನ, ಹಾಗಾಗಿ ಹುಡುಗನೂ ಅದರಲ್ಲಿ ಸೇರುತ್ತಾನೆ. ನನಗೆ ಇದೇ ಇಷ್ಟ. ಆದರೆ ‘ತೋ’ ಎಂಬುದು ‘ಎಸ್ತೋ’ ಪದದ ಆಡುಮಾತಿನ ರೂಪ. ಕಚೇರಿಯ ಹಿರಿಯರಿಗೆ ಅದು ಬೇಡ. ಅವರಿಗೆ ‘ದೆಜ಼ೇಜು ಮುಯ್ಂತಸ್ ಫೆಲಿಸಿದಾಜಿಸ್ ಅವು ಕಜ಼ಾವ್’ ಎಂದು ಬರೆಯಿರಿ. ಜೋಡಿಗೆ ತುಂಬು ಸಂತೋಷ ಹಾರೈಸುತ್ತೇನೆ ಅಂತ.

‘ನೊಯ್ವಾದು’ ಬದಲು ಸುಮ್ನೆ ‘ಕಜ಼ಮೆಂತು’ ಹಾಕಬೇಡಿ. ಅದು ಮದುವೆ!